ಮಂತ್ರಿಯನ್ನು ಕೈಬಿಟ್ಟ ಮೇಲೆ: ನಂಜನಗೂಡು ಮತ್ತು ನರಸೀಪುರ

2016ರ ಜೂನ್‌ನಲ್ಲಿ ಸಿದ್ದರಾಮಯ್ಯ ತಮ್ಮ ಸಂಪುಟವನ್ನು ಪುನರ್‌ರಚಿಸಿದಾಗ ಕಂದಾಯ ಮಂತ್ರಿಯಾಗಿದ್ದ ನಂಜನಗೂಡಿನ ಶಾಸಕ ವಿ. ಶ್ರೀನಿವಾಸ ಪ್ರಸಾದ್ ಅವರನ್ನು ಕೈಬಿಟ್ಟರು. ಅಕ್ಟೋಬರ್‌ನಲ್ಲಿ ಪ್ರಸಾದ್ ಶಾಸಕ ಸ್ಥಾನವನ್ನೂ ಬಿಟ್ಟರು. ಈ ನಾಲ್ಕು ತಿಂಗಳಲ್ಲಿ ನಮ್ಮ ಸಂಸದೀಯ ಪದ್ಧತಿಯ ಒಂದು ದೊಡ್ಡ ಬಿರುಕು ಕಾಣುತ್ತದೆ.

ನಮ್ಮಲ್ಲಿ ಸರ್ಕಾರ ಸದನದೊಳಗಿಂದಲೇ ಹುಟ್ಟುತ್ತದೆ. ಸಂವಿಧಾನದ 164ನೇ ವಿಧಿಯಂತೆ ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಉತ್ತರ ಹೇಳಬೇಕು. ಸ್ವಪಕ್ಷದ ಶಾಸಕರೂ ಎದುರು ಮತ ಹಾಕಿ ಸರ್ಕಾರವನ್ನು ಇಳಿಸಬಹುದು ಎಂಬ ಭಯವಿದ್ದರೆ ಮಾತ್ರ ಈ ಹೊಣೆಗೆ ಅರ್ಥ. 1985ರಲ್ಲಿ ಬಂದ ಹತ್ತನೇ ಅನುಸೂಚಿ ಆ ಭಯವನ್ನು ಬಹುಮಟ್ಟಿಗೆ ತೆಗೆದುಹಾಕಿತು. ಪಕ್ಷದ ವಿಪ್ ಮೀರಿ ಮತ ಹಾಕಿದವರು ಸ್ಥಾನ ಕಳೆದುಕೊಳ್ಳಬಹುದು. ಹಾಗಾಗಿ ಮುಖ್ಯಮಂತ್ರಿಯನ್ನು ಒಪ್ಪದ ಶಾಸಕನಿಗೆ ಉಳಿಯುವ ದಾರಿಗಳು ಎರಡೇ: ಸುಮ್ಮನಿರುವುದು, ಇಲ್ಲವೇ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋಗುವುದು.

ಪ್ರಸಾದ್ ಎರಡನೆಯದನ್ನು ಆರಿಸಿಕೊಂಡರು. 2017ರ ಏಪ್ರಿಲ್ 9ರ ಉಪಚುನಾವಣೆಯಲ್ಲಿ ಅವರು ಬಿಜೆಪಿಯಿಂದ ನಿಂತರು. 2013ರಲ್ಲಿ ಜೆಡಿಎಸ್‌ನಿಂದ ಅವರ ವಿರುದ್ಧ ನಿಂತಿದ್ದ ಕಳಲೆ ಕೇಶವಮೂರ್ತಿ ಈ ಸಲ ಕಾಂಗ್ರೆಸ್ ಅಭ್ಯರ್ಥಿ. ಅದೇ ಇಬ್ಬರು, ಚಿಹ್ನೆಗಳು ಮಾತ್ರ ಬೇರೆ. ಮುಖ್ಯಮಂತ್ರಿಯೂ ಮಂತ್ರಿಗಳೂ ಊರೂರಿಗೆ ಪ್ರಚಾರಕ್ಕೆ ಬಂದರು. ಕೇಶವಮೂರ್ತಿ 21 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಸದನದಲ್ಲಿ ನಡೆಯಬೇಕಿದ್ದ ವಾದ ಒಂದು ತಾಲ್ಲೂಕಿನ ಮತಗಟ್ಟೆಗಳಿಗೆ ಬಂದಿತ್ತು, ಅಲ್ಲಿ ಸರ್ಕಾರವೇ ಪ್ರತಿಕಕ್ಷಿಯಾಗಿತ್ತು. ಇದನ್ನು ನಾನು ಸಮತೋಲನವೆಂದು ಕರೆಯಲಾರೆ.

ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತ್ತು. ಅಲ್ಲಿ ಮಂತ್ರಿಯಾದವನು ಕಾಂಗ್ರೆಸ್ ಸದಸ್ಯನಾಗಿ ಇರುವಂತಿಲ್ಲ, ನೇಮಕಕ್ಕೆ ಸೆನೆಟ್‌ನ ಒಪ್ಪಿಗೆ ಬೇಕು. ತೆಗೆಯುವುದಕ್ಕೂ ಒಪ್ಪಿಗೆ ಬೇಕೆಂದು 1867ರಲ್ಲಿ ಕಾಯ್ದೆಯಾಯಿತು. ಮರುವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಯುದ್ಧಮಂತ್ರಿ ಸ್ಟ್ಯಾಂಟನ್‌ರನ್ನು ವಜಾ ಮಾಡಿ ಮಹಾಭಿಯೋಗ ಎದುರಿಸಿದರು, ಸೆನೆಟ್‌ನಲ್ಲಿ ಒಂದೇ ಮತದ ಕೊರತೆಯಿಂದ ಉಳಿದುಕೊಂಡರು. ಕಾಯ್ದೆ 1887ರಲ್ಲಿ ರದ್ದಾಯಿತು. ಇಂದು ಅಲ್ಲಿಯೂ ಮಂತ್ರಿಯನ್ನು ತೆಗೆಯಲು ಅಧ್ಯಕ್ಷರ ಮಾತೇ ಸಾಕು. ಆದರೆ ಅಧ್ಯಕ್ಷರ ಪಕ್ಷದ ಸೆನೆಟರ್ ಅವರ ಮಸೂದೆಗೆ ಎದುರು ಮತ ಹಾಕಿದರೆ ಸ್ಥಾನ ಹೋಗುವುದಿಲ್ಲ. ನಮ್ಮ ಶಾಸಕರಿಗೆ ಇಲ್ಲದ ಬಲ ಅದು.

ಹಾಗೆಂದು ಅಧ್ಯಕ್ಷೀಯ ಪದ್ಧತಿಯೇ ಮೇಲು ಎನ್ನಲು ನನ್ನ ಮನಸ್ಸು ಒಪ್ಪದು. ಕಾರಣ ಪಕ್ಕದ ತಿ. ನರಸೀಪುರದಲ್ಲಿದೆ. 2018ರಲ್ಲಿ ಅಲ್ಲಿನ ಮತದಾರರು ಲೋಕೋಪಯೋಗಿ ಮಂತ್ರಿಯಾಗಿದ್ದ ಎಚ್.ಸಿ. ಮಹದೇವಪ್ಪ ಅವರನ್ನು ಸೋಲಿಸಿದರು. ಇಲಾಖೆ ನಡೆಸುವವರು ಒಂದು ಕ್ಷೇತ್ರದ ಜನರಿಗೆ ನೇರವಾಗಿ ಉತ್ತರ ಹೇಳಬೇಕಾದ ಈ ವ್ಯವಸ್ಥೆ ಅಮೆರಿಕದ ಮಂತ್ರಿಗಳಿಗೆ ಇಲ್ಲ. 2023ರಲ್ಲಿ ನರಸೀಪುರದ ಅದೇ ಜನ ಮಹದೇವಪ್ಪ ಅವರನ್ನು ಮತ್ತೆ ಗೆಲ್ಲಿಸಿದರು.

ನಮ್ಮ ಪದ್ಧತಿಯನ್ನು ಕೆಡಿಸಿದ್ದು ವಿಪ್. ಅನರ್ಹತೆಯ ಭಯವನ್ನು ವಿಶ್ವಾಸ, ಅವಿಶ್ವಾಸ ನಿರ್ಣಯಗಳ ಮತಕ್ಕೆ ಸೀಮಿತಗೊಳಿಸಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಆ ಮಾತು ಜಾರಿಯಾಗಿದ್ದರೆ ಕೈಬಿಟ್ಟ ಮಂತ್ರಿಯೊಬ್ಬರು ನಂಜನಗೂಡಿನ ಶಾಸಕರಾಗಿಯೇ ಉಳಿದು, ಸರ್ಕಾರದ ಒಂದೊಂದು ಮಸೂದೆಯನ್ನೂ ಹಿಂದಿನ ಸಾಲಿನಿಂದ ಪರೀಕ್ಷಿಸಿ, ಬೇಡವೆನಿಸಿದ್ದಕ್ಕೆ ಬೇಡವೆಂದೇ ಮತ ಹಾಕಬಹುದಿತ್ತು.