ನಾಮಕರಣದ ಸೂಚನಾಪತ್ರ: ಬೆಂಗಳೂರು ದಂಡುಪ್ರದೇಶದ ನಿಲ್ದಾಣಗಳನ್ನು ಕುರಿತು ಒಂದು ವಿಮರ್ಶೆ

ಊರಿಗೋ ನಿಲ್ದಾಣಕ್ಕೋ ಸಂಸ್ಥೆಗೋ ಹೊಸದಾಗಿ ಹೆಸರಿಡಬೇಕಾದಾಗ, ಆ ಕೆಲಸವನ್ನು ವೃತ್ತಿಯಾಗಿ ಮಾಡುವ ಸಲಹೆಗಾರನಿಗೆ ಮೊದಲು ಒಂದು ಸೂಚನಾಪತ್ರವನ್ನು ಬರೆದು ಕೊಡುವುದು ಈಗ ರೂಢಿಯಾಗಿದೆ. ಹೆಸರು ಯಾರಿಗಾಗಿ, ಅದರ ಧ್ವನಿ ಎಂತಹುದಿರಬೇಕು, ಯಾವ ಕಟ್ಟುಪಾಡುಗಳಿಗೆ ಒಳಪಟ್ಟಿರಬೇಕು, ಯಾವ ಹೆಸರುಗಳನ್ನು ವರ್ಜಿಸಬೇಕು ಎಂಬ ನಾಲ್ಕು ಭಾಗಗಳು ಅದರಲ್ಲಿರುತ್ತವೆ. ಈ ಬಗೆಯ ಪತ್ರಗಳಲ್ಲಿ ಅತ್ಯಂತ ಅಲಕ್ಷ್ಯದಿಂದ ಬರೆಯಲ್ಪಡುವುದು ಕೊನೆಯ ಭಾಗ. ಬೇಡವಾದ ಹೆಸರುಗಳ ಪಟ್ಟಿ ಇರುತ್ತದೆ. ಏಕೆ ಬೇಡವೆಂಬ ಕಾರಣ ಇರುವುದಿಲ್ಲ. ಕಾರಣವಿಲ್ಲದ ಪಟ್ಟಿಯಿಂದ ಸಲಹೆಗಾರನು ಏನನ್ನೂ ಕಲಿಯಲಾರನು. ಪಟ್ಟಿಯಲ್ಲಿಲ್ಲದ, ಆದರೆ ಅದೇ ದೋಷವುಳ್ಳ ಇನ್ನೊಂದು ಹೆಸರನ್ನು ತಂದು ಮುಂದಿಡುತ್ತಾನೆ. ಬೆಂಗಳೂರಿನ ಪೂರ್ವಭಾಗದ ಮೆಟ್ರೊ ನಿಲ್ದಾಣಗಳ ಹೆಸರುಗಳನ್ನು ಆಧಾರವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದಾಗಿ, ಹೆಸರು ಯಾರಿಗಾಗಿ ಎಂಬ ಪ್ರಶ್ನೆ. ‘ಸಾರ್ವಜನಿಕರಿಗಾಗಿ’ ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. 1809ರಲ್ಲಿ ಸ್ಥಾಪಿತವಾದ ದಂಡುಪ್ರದೇಶವು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿ, 1949ರಲ್ಲಿ ನಗರದೊಡನೆ ಒಂದೇ ಪೌರಸಭೆಯ ಆಡಳಿತಕ್ಕೆ ಸೇರಿತು. ಅಲ್ಲಿನ ಬೀದಿಗಳಲ್ಲಿ ಕನ್ನಡದೊಡನೆ ತಮಿಳು, ಉರ್ದು, ತೆಲುಗು, ಇಂಗ್ಲಿಷ್ ನಿತ್ಯವೂ ಕೇಳಿಬರುತ್ತವೆ. ಆದುದರಿಂದ ಫಲಕವನ್ನು ಓದುವವನೊಬ್ಬನನ್ನೇ ಅಲ್ಲದೆ, ಹೆಸರನ್ನು ಕೂಗಿ ಹೇಳುವ ಬಸ್ ಕಂಡಕ್ಟರನ್ನೂ, ಅದನ್ನು ಕೇಳಿ ದಾರಿ ಹಿಡಿಯುವ ಪರಸ್ಥಳದವನನ್ನೂ ಸೂಚನಾಪತ್ರವು ಹೆಸರಿಸಬೇಕು. 2011ರ ಅಕ್ಟೋಬರ್ 20ರಂದು ತೆರೆದ ಮೊದಲ ಮಾರ್ಗದಲ್ಲಿ ಹಲಸೂರು ಎಂಬ ನಿಲ್ದಾಣಕ್ಕೆ ವಿವರಣೆಯೇ ಬೇಕಾಗಲಿಲ್ಲ. ಊರು ಅದೇ, ಹೆಸರೂ ಅದೇ. ಅದೇ ಮಾರ್ಗದ ಸ್ವಾಮಿ ವಿವೇಕಾನಂದ ರಸ್ತೆ ನಿಲ್ದಾಣದ ವಿಷಯ ಬೇರೆ. ಅದಿರುವ ದಾರಿಯನ್ನು ಜನರು ಇಂದಿಗೂ ಹಳೇ ಮದ್ರಾಸ್ ರಸ್ತೆಯೆಂದೇ ಕರೆಯುತ್ತಾರೆ. ಫಲಕದ ಹೆಸರೂ ಬಾಯಿಯ ಹೆಸರೂ ಬೇರೆಬೇರೆಯಾದಾಗ, ಹೊಸಬನು ಎರಡನ್ನೂ ಕಲಿಯಬೇಕಾಗುತ್ತದೆ.

ಎರಡನೆಯದು ಧ್ವನಿ. ‘ಗಂಭೀರವಾಗಿರಬೇಕು, ಆಧುನಿಕವಾಗಿರಬೇಕು, ಆತ್ಮೀಯವಾಗಿರಬೇಕು’ ಎಂದು ವಿಶೇಷಣಗಳನ್ನು ಪೋಣಿಸುವುದು ಸಾಮಾನ್ಯ. ವಿಶೇಷಣಗಳು ಪ್ರತಿಯೊಬ್ಬರಿಗೂ ಬೇರೆ ಅರ್ಥ ಕೊಡುತ್ತವೆ, ಉದಾಹರಣೆಗಳು ಹಾಗಲ್ಲ. ಈ ರೈಲನ್ನು ನಡೆಸುವ ನಿಗಮಕ್ಕೆ ಉದ್ದವಾದ ಇಂಗ್ಲಿಷ್ ಹೆಸರಿದೆ. ರೈಲಿಗೆ ‘ನಮ್ಮ ಮೆಟ್ರೊ’ ಎಂದು ಹೆಸರು. ಮೊದಲನೆಯದು ಕಛೇರಿಯ ಮಾತು, ಎರಡನೆಯದು ಮನೆಯ ಮಾತು. ಕನ್ನಡ ಬಾರದ ನಗರವಾಸಿಗೂ ‘ನಮ್ಮ’ ಎಂಬುದು ಬೇಗ ಪರಿಚಿತವಾಗುವ ಶಬ್ದ. ಈ ಜೋಡಿಯನ್ನು ಮುಂದಿಟ್ಟು ‘ಎರಡನೆಯದರತ್ತ ವಾಲಿರಲಿ’ ಎಂದರೆ ಸಲಹೆಗಾರನಿಗೆ ಒಂದು ಪುಟದ ವಿಶೇಷಣಗಳಿಗಿಂತ ಹೆಚ್ಚು ತಿಳಿಯುತ್ತದೆ.

ಮೂರನೆಯದು ಕಟ್ಟುಪಾಡು. 2017ರಲ್ಲಿ ನಡೆದ ಪ್ರತಿಭಟನೆಯ ತರುವಾಯ ಮೆಟ್ರೊ ಫಲಕಗಳಿಂದ ಹಿಂದಿಯನ್ನು ಕೈಬಿಡಲಾಯಿತು. ಕನ್ನಡ ಮತ್ತು ಇಂಗ್ಲಿಷ್ ಉಳಿದುವು. ಹೆಸರು ಎರಡು ಲಿಪಿಗಳಲ್ಲಿಯೂ ನಿಲ್ಲಬೇಕೆಂಬುದು ಇದರಿಂದ ಸ್ಪಷ್ಟ. ಇದಕ್ಕಿಂತ ಸೂಕ್ಷ್ಮವಾದ, ಆದರೆ ಸೂಚನಾಪತ್ರಗಳು ಮರೆಯುವ ಕಟ್ಟುಪಾಡೊಂದಿದೆ: ಉದ್ದವಾದ ಹೆಸರನ್ನು ಜನರು ಮೊಟಕುಗೊಳಿಸಿಯೇ ತೀರುತ್ತಾರೆ. ಆದುದರಿಂದ ಪೂರ್ಣರೂಪವನ್ನು ಮಾತ್ರವಲ್ಲ, ಮೊಟಕಾದ ರೂಪವನ್ನೂ ಪರೀಕ್ಷಿಸಬೇಕು. ಕೃಷ್ಣರಾಜಪುರವು ನಗರದ ಪೂರ್ವದಲ್ಲಿದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯು ಹಳೆಯ ಪೇಟೆಯಲ್ಲಿದೆ. ಬಾಯಲ್ಲಿ ಒಂದು ಕೆ.ಆರ್. ಪುರ, ಇನ್ನೊಂದು ಕೆ.ಆರ್. ಮಾರ್ಕೆಟ್. ಭೇದವೆಲ್ಲ ಕೊನೆಯ ಶಬ್ದದಲ್ಲಿದೆ. ಗದ್ದಲದಲ್ಲಿ ಆ ಶಬ್ದವೊಂದು ಕೇಳದೆ ಹೋದರೆ ಉಳಿಯುವುದು ಎರಡಕ್ಕೂ ಸಮಾನವಾದ ಎರಡಕ್ಷರ. ಹಳೆಯ ಹೆಸರುಗಳನ್ನು ಈಗ ತಿದ್ದಲಾಗದು, ಆದರೆ ‘ಕೆ.ಆರ್.’ ಎಂದು ಮೊಟಕಾಗುವ ಮೂರನೆಯದೊಂದು ಬೇಡವೆಂದು ಬರೆಯಬಹುದು.

ಇಲ್ಲಿಂದ ನಾವು ವರ್ಜ್ಯಗಳ ವಿಚಾರಕ್ಕೆ ಬರುತ್ತೇವೆ. ಈ ಭಾಗವನ್ನು ಹೇಗೆ ಬರೆಯಬೇಕೆಂಬುದಕ್ಕೆ ಮಾದರಿಯೊಂದು ನಮ್ಮ ಸರಕಾರಿ ದಾಖಲೆಗಳಲ್ಲಿಯೇ ಇದೆ. ಸ್ಥಳನಾಮಗಳ ಬದಲಾವಣೆಯನ್ನು ಕುರಿತು ಕೇಂದ್ರ ಗೃಹಸಚಿವಾಲಯವು 1953ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಪತ್ರವದು. ಚಾರಿತ್ರಿಕ ಸಂಬಂಧವುಳ್ಳ ಹೆಸರುಗಳನ್ನು ಆದಷ್ಟೂ ಬದಲಿಸಬಾರದು. ಕೇವಲ ಗೌರವ ಸೂಚಿಸಲೆಂದು ನಾಯಕರ ಹೆಸರನ್ನಿಡಬಾರದು. ಗೊಂದಲಕ್ಕೆ ಎಡೆಮಾಡುವಂತೆ ಅದೇ ರಾಜ್ಯದಲ್ಲಿಯೂ ನೆರೆಯಲ್ಲಿಯೂ ಇರುವ ಹೆಸರನ್ನು ಮತ್ತೆ ಇಡಬಾರದು ಎಂದು ಅದು ಹೇಳುತ್ತದೆ. ಗಮನಿಸಬೇಕಾದುದೇನೆಂದರೆ, ಅಲ್ಲಿರುವುದು ಹೆಸರುಗಳ ಪಟ್ಟಿಯಲ್ಲ, ಕಾರಣಗಳ ಪಟ್ಟಿ.

ಕೊನೆಯ ಕಾರಣವನ್ನು ಮರೆತುದರ ಫಲವನ್ನು ಬೈಯಪ್ಪನಹಳ್ಳಿಯಲ್ಲಿ ಕಾಣಬಹುದು. ಅಲ್ಲಿ 2022ರಲ್ಲಿ ಸಂಚಾರವಾರಂಭಿಸಿದ ರೈಲು ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಅದಕ್ಕೂ ಮೊದಲೇ, 2016ರಲ್ಲಿ ತೆರೆದ ಸೆಂಟ್ರಲ್ ಕಾಲೇಜಿನ ಬಳಿಯ ಮೆಟ್ರೊ ನಿಲ್ದಾಣಕ್ಕೂ ಅವರದೇ ಹೆಸರು. ಆ ಮಹನೀಯರ ಯೋಗ್ಯತೆಯಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಟಿಕೆಟ್ಟಿನ ಮೇಲೆ ಆ ಹೆಸರನ್ನು ಕಂಡ ಹೊಸಬನು ಮೆಟ್ರೊ ನಕ್ಷೆಯಲ್ಲಿಯೂ ಅದನ್ನೇ ಕಂಡು ಅಲ್ಲಿ ಇಳಿದರೆ, ತನ್ನ ರೈಲಿರುವುದು ಊರಿನ ಇನ್ನೊಂದು ಭಾಗದಲ್ಲಿ ಎಂಬುದು ತಡವಾಗಿ ತಿಳಿಯುತ್ತದೆ. ಪ್ರತ್ಯೇಕವಾಗಿ ನೋಡಿದರೆ ಎರಡು ಹೆಸರುಗಳೂ ನಿರ್ದೋಷ. ಒಟ್ಟಿಗೆ ಸೇರಿದಾಗ ದೋಷ.

ಈಗ ಶಿವಾಜಿನಗರದ ಪ್ರಸಂಗ. 2025ರ ಸೆಪ್ಟೆಂಬರಿನಲ್ಲಿ ಸೇಂಟ್ ಮೇರಿ ಬೆಸಿಲಿಕದ ಉತ್ಸವದ ಸಂದರ್ಭದಲ್ಲಿ, ಅಲ್ಲಿನ ಮೆಟ್ರೊ ನಿಲ್ದಾಣಕ್ಕೆ ಸೇಂಟ್ ಮೇರಿಯ ಹೆಸರಿಡುವಂತೆ ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದರು. ಶಿವಾಜಿಯ ಹೆಸರು ಹೋಗುವುದೆಂದು ಕೆಲವರು ಪ್ರತಿಭಟಿಸಿದರು. ಶಂಕರ್ ನಾಗ್ ಅವರ ಹೆಸರಿಡಬೇಕೆಂದು ಮತ್ತೆ ಕೆಲವರು ಕೇಳಿದರು. ಎಲ್ಲರೂ ಯಾರನ್ನು ಗೌರವಿಸಬೇಕೆಂದು ವಾದಿಸಿದರು. ನಿಲ್ದಾಣದ ಹೆಸರು ಗೌರವಕ್ಕಾಗಿಯೋ ದಾರಿ ತೋರುವುದಕ್ಕಾಗಿಯೋ ಎಂಬುದನ್ನು ಯಾರೂ ಮೊದಲು ಇತ್ಯರ್ಥಮಾಡಿಕೊಳ್ಳಲಿಲ್ಲ.

ಈ ನಿಲ್ದಾಣಕ್ಕೆ ನಾನು ಸೂಚನಾಪತ್ರವನ್ನು ಬರೆಯುವುದಾದರೆ ಹೀಗೆ ಬರೆಯುತ್ತಿದ್ದೆ. ಕೇಳುಗರು: ಶಿವಾಜಿನಗರದ ಬಸ್ ನಿಲ್ದಾಣ, ರಸೆಲ್ ಮಾರುಕಟ್ಟೆ, ಬೌರಿಂಗ್ ಆಸ್ಪತ್ರೆ, ಬೆಸಿಲಿಕಗಳಿಗೆ ಬರುವವರು. ಧ್ವನಿ: ಹಲಸೂರಿನಂತೆ, ಊರಿನ ಹೆಸರೇ ಹೆಸರಾಗಿ. ಕಟ್ಟುಪಾಡು: ಎರಡು ಲಿಪಿ, ಬಸ್ಸಿನ ಫಲಕದ ಹೆಸರಿಗೂ ಇದಕ್ಕೂ ಹೊಂದಿಕೆ. ವರ್ಜ್ಯ: ಬ್ಲ್ಯಾಕ್‌ಪಳ್ಳಿ ಎಂಬ ಹಳೆಯ ಹೆಸರು, ಇಂದು ಅದರಿಂದ ದಾರಿ ಕೇಳುವವರಿಲ್ಲವಾದ್ದರಿಂದ, ನಗರದ ಬೇರೊಂದು ನಿಲ್ದಾಣಕ್ಕಿರುವ ಯಾವುದೇ ವ್ಯಕ್ತಿಯ ಹೆಸರು, ಗೊಂದಲವಾಗುವುದರಿಂದ, ಸುತ್ತಲಿನ ಹಲವು ಗುರುತುಗಳಲ್ಲಿ ಒಂದನ್ನು ಮಾತ್ರ ಹೇಳುವ ಹೆಸರು, ಉಳಿದವುಗಳಿಗೆ ಹೋಗುವವರಿಗೆ ಅದು ದಾರಿ ತೋರದಾದ್ದರಿಂದ. ಈ ಕಾರಣಗಳನ್ನು ಒಪ್ಪಿದರೆ ಶಿವಾಜಿನಗರವೆಂಬ ಹೆಸರೇ ಉಳಿಯುತ್ತದೆ. ಒಪ್ಪದವರು ಯಾವ ಕಾರಣವನ್ನು ಒಪ್ಪುವುದಿಲ್ಲವೆಂದು ಹೇಳಬೇಕಾಗುತ್ತದೆ. ಚರ್ಚೆಗೆ ಆಗ ಒಂದು ನೆಲೆ ದೊರೆಯುತ್ತದೆ.

ಇದಕ್ಕೂ ಒಂದು ಮೇರೆಯುಂಟು. ಯಾರನ್ನು ಗೌರವಿಸಬೇಕೆಂಬುದನ್ನು ಸಲಹೆಗಾರನು ತೀರ್ಮಾನಿಸಲಾರನು. ಅದು ಜನಪ್ರತಿನಿಧಿಗಳ ಕೆಲಸ. ಆ ತೀರ್ಮಾನವನ್ನು ತಾವು ಮಾಡದೆ ಸೂಚನಾಪತ್ರದ ಮೂಲಕ ಅವನ ಮೇಲೆ ಹೊರಿಸಿದರೆ, ಅವನು ಯಾವ ಹೆಸರನ್ನು ತಂದರೂ ಜಗಳವೇ ಉಳಿಯುತ್ತದೆ. ಗೌರವವೇ ಉದ್ದೇಶವಾದರೆ ಆ ಮಾತನ್ನು ಪತ್ರದ ಮೊದಲ ಸಾಲಿನಲ್ಲಿಯೇ ಬರೆದು, ದಾರಿ ತೋರುವ ಊರಹೆಸರನ್ನು ಅದರ ಜೊತೆಗೆ ಉಳಿಸಿಕೊಳ್ಳುವುದು ಉಚಿತ.