ಕಿವಿಯಿಂದ ಓದುವ ಪುಸ್ತಕ: ಮಕ್ಕಳ ಚಿತ್ರಪುಸ್ತಕದ ಕನ್ನಡ ಅನುವಾದವನ್ನು ಸವಿಯುವುದು ಹೇಗೆ?

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಚಿತ್ರಪುಸ್ತಕವೊಂದು ಕೈಗೆ ಸಿಕ್ಕಿದರೆ ಅದನ್ನು ಮನಸ್ಸಿನಲ್ಲೇ ಓದಿ ಮುಗಿಸಬೇಡಿ. ಈ ಪುಸ್ತಕದ ಓದುಗ ಇನ್ನೂ ಅಕ್ಷರ ಕಲಿಯದ ಮಗು. ಮಗುವಿನ ಕಣ್ಣು ಚಿತ್ರದ ಮೇಲಿರುತ್ತದೆ, ಕಿವಿ ದೊಡ್ಡವರ ದನಿಯ ಮೇಲಿರುತ್ತದೆ, ಕೈ ಪುಟ ಮಗುಚಲು ಕಾದಿರುತ್ತದೆ. ಅನುವಾದಕ ಬರೆದದ್ದು ಈ ಮೂರಕ್ಕೂ ಹೊಂದಬೇಕು. ಹೊಂದಿದೆಯೇ ಎಂದು ತಿಳಿಯಲು ಗಟ್ಟಿಯಾಗಿ ಓದುವುದೊಂದೇ ದಾರಿ. ಓದುವಾಗ ಯಾವುದಕ್ಕೆ ಕಿವಿಗೊಡಬೇಕು, ಎಲ್ಲಿ ಕಣ್ಣಿಡಬೇಕು ಎಂಬುದನ್ನು ಈ ಬರಹ ಒಂದು ಉದಾಹರಣೆ ಹಿಡಿದು ಹೇಳುತ್ತದೆ.

ಒಂದು ಪುಟ, ಎರಡು ಕನ್ನಡ

ಉದಾಹರಣೆಗೆಂದೇ ಒಂದು ಸಣ್ಣ ಕತೆಯನ್ನು ಕಲ್ಪಿಸಿಕೊಳ್ಳೋಣ. ಚಿತ್ರದಲ್ಲಿ ಕೆಂಪು ಹಂಚಿನ ಮನೆ, ರಾತ್ರಿ, ಹೊರಗೆ ಮಳೆ. ತಾಯಿ ಕರಡಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದೆ. ಮರಿ ಮಾತ್ರ ಕಣ್ಣರಳಿಸಿಕೊಂಡು ಕೂತಿದೆ. ಇಂಗ್ಲಿಷ್ ಪಠ್ಯದಲ್ಲಿ ನಾಲ್ಕು ಸಾಲು. ಮರಿಗೆ ನಿದ್ದೆ ಬರುತ್ತಿಲ್ಲ, ಛಾವಣಿಯ ಮೇಲೆ ಏನೋ ಬಡಿಯುವ ಸದ್ದು, ಮರಿ ಎದ್ದು ಬಾಗಿಲು ತೆರೆಯುತ್ತದೆ, ಅಲ್ಲಿ ನಿಂತಿದೆ... ಇಲ್ಲಿಗೆ ಪುಟ ಮುಗಿಯುತ್ತದೆ. ಮಗುಚಿದರೆ, ಪೂರ್ತಿ ಒದ್ದೆಯಾದ ಕಪ್ಪೆ.

ಪದಕ್ಕೆ ಪದ ಇಟ್ಟು ಅನುವಾದಿಸಿದರೆ ಹೀಗಾಗುತ್ತದೆ:

ಪುಟ್ಟ ಕರಡಿಗೆ ನಿದ್ರಿಸಲು ಸಾಧ್ಯವಾಗುತ್ತಿರಲಿಲ್ಲ.
ಛಾವಣಿಯ ಮೇಲೆ ಏನೋ ಟಪ್ ಟಪ್ ಎಂದು ಶಬ್ದ ಮಾಡುತ್ತಿತ್ತು.
ಅವನು ಎದ್ದು ಬಾಗಿಲನ್ನು ತೆರೆದಾಗ ಅಲ್ಲಿ
(ಪುಟ ಮಗುಚಿ)
ತುಂಬಾ ಒದ್ದೆಯಾಗಿದ್ದ ಒಂದು ಕಪ್ಪೆ ನಿಂತಿತ್ತು.

ಇದರಲ್ಲಿ ತಪ್ಪು ಪದವೊಂದೂ ಇಲ್ಲ. ಆದರೆ ಗಟ್ಟಿಯಾಗಿ ಓದಿದರೆ ಮೊದಲ ಸಾಲಿನ ಕೊನೆಗೇ ನಾಲಿಗೆ ಭಾರವಾಗುತ್ತದೆ. ಇದೇ ಪುಟವನ್ನು ಹೀಗೂ ತರಬಹುದು:

ಕರಡಿಯ ಮರಿಗೋ ನಿದ್ದೆಯೆ ಇಲ್ಲ.
ಹಂಚಿನ ಮೇಲ್ಗಡೆ ಟಪಟಪ ಟಪಟಪ.
ಮೆಲ್ಲಗೆ ಎದ್ದಿತು, ಬಾಗಿಲು ತೆರೆಯಿತು.
ಹೊಸ್ತಿಲ ಆಚೆಗೆ ಯಾರದು? ಯಾರು?
(ಪುಟ ಮಗುಚಿ)
ಕಪ್ಪೆ!
ಮಳೆಯಲಿ ತೊಯ್ದೂ ತೊಯ್ದೂ ತೊಪ್ಪೆ!

ಎರಡನ್ನೂ ಒಮ್ಮೆ ಜೋರಾಗಿ ಓದಿ ನೋಡಿ. ಕಿವಿಗೆ ಗೊತ್ತಾಗುವ ವ್ಯತ್ಯಾಸಕ್ಕೆ ಕಾರಣಗಳೇನು ಎಂದು ಈಗ ಒಂದೊಂದಾಗಿ ನೋಡೋಣ.

ತಾಳ ಎಲ್ಲಿಂದ ಬರುತ್ತದೆ

ಇಂಗ್ಲಿಷ್ ಪದ್ಯ ನಡೆಯುವುದು ಒತ್ತಿನ ಮೇಲೆ. ಒಂದು ಸಾಲಿನಲ್ಲಿ ನಾಲ್ಕು ಕಡೆ ದನಿ ಒತ್ತಿ ಬಿದ್ದರೆ ಸಾಕು, ನಡುವೆ ಒಂದು ಅಕ್ಷರ ಹೆಚ್ಚಿದರೂ ಕಡಿಮೆಯಾದರೂ ಓದು ತಡೆಯುವುದಿಲ್ಲ. ಕನ್ನಡದ ಲಯ ನಿಂತಿರುವುದು ಕಾಲದ ಅಳತೆಯ ಮೇಲೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಇಂಗ್ಲಿಷ್ ಕವಿತೆಗಳನ್ನು ತಂದದ್ದು ಇಂಥ ಮಾತ್ರಾಲಯಕ್ಕೇ. ಮಕ್ಕಳ ಪುಸ್ತಕದ ಅನುವಾದಕರ ದಾರಿಯೂ ಅದೇ.

ಮೇಲಿನ ಸಾಲುಗಳನ್ನು ತೊಡೆಯ ಮೇಲೆ ತಾಳ ಹಾಕುತ್ತಾ ಓದಿ. ‘ಕರಡಿಯ’ ನಾಲ್ಕು ಲಘು, ನಾಲ್ಕು ಮಾತ್ರೆ. ‘ಮರಿಗೋ’ ಎರಡು ಲಘು, ಒಂದು ಗುರು, ಮತ್ತೆ ನಾಲ್ಕು. ‘ನಿದ್ದೆಯೆ’ ಕೂಡ ನಾಲ್ಕು. ‘ಇಲ್ಲ’ ಮೂರೇ, ಉಳಿದ ಒಂದು ಮಾತ್ರೆ ಉಸಿರಿಗೆ. ಎರಡನೆಯ ಸಾಲಿನ ‘ಟಪಟಪ’ ಬರಿಯ ಲಘುಗಳಾದ್ದರಿಂದ ಸಾಲು ಓಡುತ್ತದೆ. ‘ಮೆಲ್ಲಗೆ’ ಗುರುವಿನಿಂದ ಶುರುವಾಗಿ ನಡಿಗೆಯನ್ನು ಹಿಡಿದು ನಿಲ್ಲಿಸುತ್ತದೆ. ಅಳತೆ ಒಂದೇ ಇದ್ದರೂ ಒಳಗಿನ ಲಘು ಗುರುಗಳ ಜೋಡಣೆಯಿಂದ ಮಳೆಯ ಓಟವೂ ಮರಿಯ ಹೆಜ್ಜೆಯೂ ಬೇರೆಬೇರೆಯಾಗಿ ಕೇಳಿಸುತ್ತವೆ. ಒಳ್ಳೆಯ ಅನುವಾದದಲ್ಲಿ ನೀವು ಹುಡುಕಬೇಕಾದದ್ದು ಈ ಗುಣವನ್ನು. ತಾಳ ತಪ್ಪದಿರುವುದು ಮೊದಲ ಮೆಟ್ಟಿಲು, ತಾಳವೇ ಕತೆ ಹೇಳುವುದು ಅದರ ಮೇಲಿನದು.

ಗಣದ ಕೊನೆಯೂ ಪದದ ಕೊನೆಯೂ ಒಂದೇ ಕಡೆ ಬೀಳುತ್ತಿವೆಯೇ ಎಂಬುದನ್ನೂ ಗಮನಿಸಿ. ‘ಕರಡಿಯ ಮರಿಗಿನ್ನೂ ನಿದ್ದೆಯಿಲ್ಲ’ ಎಂದು ಬರೆದರೂ ಲೆಕ್ಕಕ್ಕೆ ನಾಲ್ಕು ನಾಲ್ಕೇ ಬರುತ್ತದೆ. ಆದರೆ ತಾಳ ‘ಮರಿಗಿನ್’ ಎಂಬಲ್ಲಿಗೆ ಕಡಿದು ‘ನೂನಿದ್’ ಎಂದು ಮುಂದುವರಿಯುತ್ತದೆ. ದೊಡ್ಡವರ ಕಾವ್ಯದಲ್ಲಿ ಇದು ಸೊಗಸಾಗಬಹುದು. ಮೂರು ವರ್ಷದ ಕಿವಿಗೆ ಪದಗಳೇ ಒಡೆದುಹೋಗುತ್ತವೆ.

ಪುಟ ಮಗುಚುವ ಕ್ಷಣ

ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟದವು. ಅದರಲ್ಲಿ ಕತೆಗೆ ಸಿಗುವ ಮಗುಚುವಿಕೆಗಳು ಹತ್ತು ಹದಿನೈದು ಮಾತ್ರ. ಲೇಖಕರು ಕುತೂಹಲವನ್ನು ಅಲ್ಲೇ ಇಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬಂದು, ಕಂಡ ವಸ್ತು ಕೊನೆಗೆ ಬರುವುದರಿಂದ ವಾಕ್ಯವನ್ನು ನಡುವೆ ತುಂಡರಿಸಿ ಆ ವಸ್ತುವನ್ನು ಮುಂದಿನ ಪುಟದಲ್ಲಿ ಬಚ್ಚಿಡುವುದು ಸುಲಭ. ಕನ್ನಡದ ವಾಕ್ಯದಲ್ಲಿ ಕೊನೆಗೆ ಬರುವುದು ಕ್ರಿಯಾಪದ. ಹಾಗಾಗಿ ಮೊದಲ ಕರಡಿನಲ್ಲಿ ‘ಅಲ್ಲಿ’ ಎಂಬ ಬಡಪದದ ಮೇಲೆ ಪುಟ ಮುಗಿಯಿತು, ಮುಂದಿನ ಪುಟದಲ್ಲಿ ಮಗು ಕಪ್ಪೆಯನ್ನು ಕಂಡು ಕೂಗಿದ ಮೇಲೂ ಓದುವವರು ‘ನಿಂತಿತ್ತು’ ಎಂದು ವಾಕ್ಯವನ್ನು ಎಳೆಯಬೇಕಾಯಿತು. ಬೆರಗು ಮುಗಿದ ಮೇಲೆ ಉಳಿದದ್ದು ವ್ಯಾಕರಣ.

ಎರಡನೆಯದು ವಾಕ್ಯವನ್ನು ತುಂಡರಿಸದೆ ಪ್ರಶ್ನೆ ಕೇಳುತ್ತದೆ. ‘ಯಾರದು? ಯಾರು?’ ಎಂಬಲ್ಲಿ ಓದುವವರ ದನಿ ತಾನಾಗಿ ಏರುತ್ತದೆ, ಮಗು ಪುಟ ಮಗುಚುತ್ತದೆ, ‘ಕಪ್ಪೆ!’ ಎಂಬ ಪದವನ್ನು ಇಬ್ಬರೂ ಒಟ್ಟಿಗೆ ಹೇಳಬಹುದು. ಕತೆ ಹೇಳುವ ಅಜ್ಜಿಯರು ‘ಆಮೇಲೆ ಏನಾಯ್ತು?’ ಎಂದು ತಾವೇ ಕೇಳಿಕೊಂಡು ಮುಂದೆ ಹೋಗುವುದು ನಮಗೆಲ್ಲ ಗೊತ್ತು. ಆ ರೂಢಿಯನ್ನೇ ಅನುವಾದಕರು ಇಲ್ಲಿ ದುಡಿಸಿಕೊಳ್ಳುತ್ತಾರೆ. ಯಾವುದೇ ಪುಸ್ತಕ ಹಿಡಿದಾಗ ಬಲಪುಟದ ಕೊನೆಯ ಪದ ಯಾವುದು, ಮಗುಚಿದ ಮೇಲಿನ ಮೊದಲ ಪದ ಯಾವುದು ಎಂದು ನೋಡಿ. ಆ ಎರಡು ಪದಗಳಲ್ಲೇ ಅನುವಾದಕರ ಕೈಚಳಕ ಗೊತ್ತಾಗಿಬಿಡುತ್ತದೆ.

ಚಿತ್ರ ಹೇಳಿದ್ದನ್ನು ಪದ ಹೇಳಬೇಕಿಲ್ಲ

‘ಮರಿಗೋ’ ಎಂಬಲ್ಲಿನ ‘ಓ’ಕಾರವನ್ನು ಮತ್ತೆ ನೋಡಿ. ಬೇರೆಯವರಿಗೆಲ್ಲ ನಿದ್ದೆ ಬಂದಿದೆ ಎಂಬ ಅರ್ಥ ಅದರಲ್ಲಿದೆ. ತಾಯಿ ಗೊರಕೆ ಹೊಡೆಯುವುದು ಚಿತ್ರದಲ್ಲಿ ಇರುವುದರಿಂದಲೇ ಆ ಒಂದು ಸ್ವರ ಸಾಕಾಯಿತು. ‘ಪುಟ್ಟ’ ಎಂಬ ಪದವೂ ಬೇಕಾಗಲಿಲ್ಲ, ಮರಿ ಎಷ್ಟು ಪುಟ್ಟದು ಎಂದು ಕಾಣುತ್ತಿದೆ. ಇಂಗ್ಲಿಷಿನ ವಾಕ್ಯ ಬಯಸುವ ‘ಅವನು’ ಕೂಡ ಹೋಯಿತು. ಕನ್ನಡದಲ್ಲಿ ಕ್ರಿಯಾಪದವೇ ಕರ್ತೃವನ್ನು ಹೊತ್ತು ತರುತ್ತದೆ, ಪ್ರಾಣಿಯ ಮರಿಗೆ ‘ಎದ್ದಿತು’ ಎನ್ನುವುದೇ ನಮ್ಮ ಸಹಜ ಮಾತು.

ಆದರೆ ಚಿತ್ರ ಅನುವಾದಕರ ಕೈಯನ್ನು ಕಟ್ಟುವುದೂ ಉಂಟು. ಎರಿಕ್ ಕಾರ್ಲ್ ಅವರ 1969ರ ಹಸಿದ ಮರಿಹುಳುವಿನ ಪುಸ್ತಕದಲ್ಲಿ ಹುಳು ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ಸ್, ಬುಧವಾರ ಮೂರು ಪ್ಲಮ್ ಹೀಗೆ ತಿನ್ನುತ್ತಾ ಹೋಗುತ್ತದೆ. ಪುಟಗಳಲ್ಲಿ ಹಣ್ಣಿನ ಚಿತ್ರದ ನಡುವೆ ನಿಜವಾದ ತೂತುಗಳೇ ಇವೆ. ಇಲ್ಲಿ ಪ್ಲಮ್ ಬದಲು ನೇರಳೆ ಎಂದರೆ ಮಗುವಿನ ಬೆರಳೇ ಅನುವಾದವನ್ನು ಸುಳ್ಳಾಗಿಸುತ್ತದೆ. ಹೆಸರನ್ನು ಇದ್ದಂತೆಯೇ ಉಳಿಸಿ, ಸುತ್ತಲಿನ ಸಾಲನ್ನು ಕನ್ನಡದ ನಡಿಗೆಗೆ ತರುವುದೇ ಇಲ್ಲಿ ಸರಿಯಾದ ದಾರಿ.

ಅಚ್ಚಿನ ಕಟ್ಟೂ ಒಂದಿದೆ. ಹಲವು ಭಾಷೆಗಳಲ್ಲಿ ಬರುವ ಪುಸ್ತಕದಲ್ಲಿ ಬಣ್ಣದ ಚಿತ್ರವನ್ನು ಹಾಗೆಯೇ ಇಟ್ಟು, ಪಠ್ಯವಿರುವ ಕಪ್ಪು ಪ್ಲೇಟನ್ನು ಮಾತ್ರ ಬದಲಿಸುವುದು ರೂಢಿ. ಇಂಗ್ಲಿಷಿಗೆಂದು ಬಿಟ್ಟ ಜಾಗದಲ್ಲೇ ಕನ್ನಡ ಕೂರಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತಿದ್ದರೆ, ಅನುವಾದಕರು ಇನ್ನೂ ಕೆಲವು ಪದ ಬಿಡಬೇಕಿತ್ತು ಎಂದೇ ಅರ್ಥ.

ಪ್ರಾಸದ ಆಸೆ, ಸರಳ ಪದದ ಪರೀಕ್ಷೆ

ಕನ್ನಡದಲ್ಲಿ ಪ್ರಾಸ ತುಂಬ ಅಗ್ಗಕ್ಕೆ ಸಿಗುತ್ತದೆ. ಬಂದಿತು, ನಿಂದಿತು, ಹೋಯಿತು, ಆಯಿತು ಎಂದು ಸಾಲುಗಳನ್ನು ಮುಗಿಸಿದರೆ ಪುಸ್ತಕವೆಲ್ಲ ಪ್ರಾಸವೇ. ಆದರೆ ಅದು ಕ್ರಿಯಾಪದದ ಬಾಲಗಳು ಕೂಡಿದ್ದು, ಕಿವಿಗೆ ಅದರಲ್ಲಿ ಹೊಸದೇನೂ ಸಿಗುವುದಿಲ್ಲ. ‘ಕಪ್ಪೆ’ಗೆ ‘ತೊಪ್ಪೆ’ ಕೂಡಿದಾಗ ಹಾಗಲ್ಲ. ‘ತೊಯ್ದು ತೊಪ್ಪೆಯಾಗುವುದು’ ನಮ್ಮ ಮನೆಮಾತು, ಇಂಗ್ಲಿಷಿನ ‘ಪೂರ್ತಿ ಒದ್ದೆ’ಗೆ ಅದು ನೇರ ಅರ್ಥ. ಪ್ರಾಸ ಅರ್ಥದ ಒಳಗಿನಿಂದಲೇ ಬಂತು. ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಆದಿಪ್ರಾಸ ಹಳೆಯ ಕನ್ನಡ ಕಾವ್ಯದ ನಿಯಮ. ಆ ಸುಖವನ್ನು ಮಕ್ಕಳ ಸಾಲಿನಲ್ಲೂ ಕೇಳಬಹುದು.

ಪ್ರಾಸಕ್ಕಾಗಿ ತುರುಕಿದ ಪದವನ್ನು ಕಂಡುಹಿಡಿಯುವುದು ಸುಲಭ. ಆ ಪದವನ್ನು ಬಿಟ್ಟು ಸಾಲನ್ನು ಓದಿ. ಅರ್ಥಕ್ಕೂ ಚಿತ್ರಕ್ಕೂ ಏನೂ ಕಡಿಮೆಯಾಗದಿದ್ದರೆ ಅದು ತುಂಬಿದ ಪದ. ‘ತಾನು’, ‘ಆಗ’, ‘ಅಲ್ಲಿ’, ‘ಬಹಳ’ ಇವೇ ಹೆಚ್ಚಾಗಿ ಸಿಕ್ಕಿಬೀಳುತ್ತವೆ.

ಸರಳತೆಯನ್ನು ಪದಗಳ ಎಣಿಕೆಯಿಂದ ಅಳೆಯಬೇಡಿ. ಕನ್ನಡದಲ್ಲಿ ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಒಂದೇ ಪದಕ್ಕೆ ಅಂಟಿಕೊಳ್ಳುತ್ತವೆ. ‘ಸಾಧ್ಯವಾಗುತ್ತಿರಲಿಲ್ಲ’ ಲೆಕ್ಕಕ್ಕೆ ಒಂದೇ ಪದ, ಆದರೆ ಎಂಟು ಅಕ್ಷರ. ಅಡುಗೆಮನೆಯಲ್ಲಿ, ಅಂಗಳದಲ್ಲಿ ಮಗು ಕೇಳಿರುವ ಪದವೇ ಸರಳ ಪದ. ಅದು ಊರಿನಿಂದ ಊರಿಗೆ ಬದಲಾಗುತ್ತದೆ ಎಂಬುದನ್ನೂ ಮರೆಯಬಾರದು. ಧಾರವಾಡದ ಮಗುವಿಗೆ ‘ತೊಯ್ಯುವುದು’ ದಿನದ ಮಾತು, ಮೈಸೂರಿನ ಮಗು ‘ನೆನೆಯುವುದು’ ಎನ್ನುತ್ತದೆ. ಎಲ್ಲರಿಗೂ ಮನೆಮಾತಾಗುವ ಒಂದೇ ಕನ್ನಡ ಸಿಗುವುದಿಲ್ಲ. ಒಂದು ಪದ ಹೊಸದಾಗಿದ್ದರೂ ಚಿತ್ರ ಅದನ್ನು ಬಿಡಿಸಿ ಹೇಳುವಂತಿದ್ದರೆ ಅದು ಭಾರವಲ್ಲ. ಒದ್ದೆ ಕಪ್ಪೆ ಕಣ್ಣೆದುರಿಗೇ ಇದೆ.

ಅಭ್ಯಾಸಕ್ಕೆ

ಹೋಲಿಸಿ ನೋಡಲು ಸಾಮಗ್ರಿ ಬೇಕಷ್ಟಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಒಂದೇ ಕತೆಯ ಇಂಗ್ಲಿಷನ್ನೂ ಕನ್ನಡವನ್ನೂ ಉಚಿತವಾಗಿ ಓದಬಹುದು. ಚೆನ್ನೈನ ತೂಲಿಕಾ ಪ್ರಕಾಶನ ಎರಡು ಭಾಷೆಯನ್ನು ಒಂದೇ ಪುಟದಲ್ಲಿ ಅಚ್ಚು ಹಾಕಿದ ಪುಸ್ತಕಗಳನ್ನು ತಂದಿದೆ. ಮೊದಲು ಕನ್ನಡವನ್ನಷ್ಟೇ ಗಟ್ಟಿಯಾಗಿ ಓದಿ, ಆಮೇಲೆ ಇಂಗ್ಲಿಷ್ ನೋಡಿ. ಮೊದಲೇ ಇಂಗ್ಲಿಷ್ ನೋಡಿದರೆ ಅದರ ತಾಳ ಕಿವಿಯಲ್ಲಿ ಕೂತು ಕನ್ನಡದ ಎಡವಟ್ಟನ್ನು ಮುಚ್ಚಿಬಿಡುತ್ತದೆ. ಇದೇ ಕಾರಣಕ್ಕೆ ಪುಸ್ತಕವನ್ನು ಹಿಂದೆ ನೋಡಿರದ ಒಬ್ಬರ ಕೈಯಲ್ಲಿ ಓದಿಸುವುದು ಒಳ್ಳೆಯ ಪರೀಕ್ಷೆ. ಅವರು ಎಲ್ಲಿ ತಡವರಿಸಿ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡುತ್ತಾರೋ ಅಲ್ಲಿ ಸಾಲು ಮುರಿದಿದೆ.

ಕೊನೆಗೆ, ಇಂಗ್ಲಿಷಿನಲ್ಲಿ ಪದ್ಯವಿದ್ದರೆ ಕನ್ನಡದಲ್ಲೂ ಪದ್ಯವೇ ಇರಬೇಕು ಎಂದು ಹಟ ಹಿಡಿಯಬೇಡಿ. ಕೆಲವು ಕತೆಗಳಲ್ಲಿ ಪ್ರಾಸವನ್ನು ಉಳಿಸಲು ಹೋದರೆ ಘಟನೆಯೇ ಬದಲಾಗಿ ಚಿತ್ರಕ್ಕೂ ಮಾತಿಗೂ ಸಂಬಂಧ ತಪ್ಪುತ್ತದೆ. ಆಗ ಅನುವಾದಕರು ಹಗುರವಾದ ಗದ್ಯ ಬರೆದು, ಮರುಕಳಿಸುವ ಒಂದು ಸಾಲನ್ನು ಮಾತ್ರ ತಾಳಕ್ಕೆ ಕಟ್ಟುತ್ತಾರೆ. ನಾಲ್ಕು ಪುಟಕ್ಕೊಮ್ಮೆ ಬರುವ ಆ ಸಾಲನ್ನು ಮಗು ಎರಡನೆಯ ಓದಿಗೇ ನಮಗಿಂತ ಮೊದಲು ಹೇಳಿಬಿಟ್ಟರೆ, ಆ ಗದ್ಯ ಸರಿಯಾದ ಆಯ್ಕೆಯೇ ಆಗಿತ್ತು ಎಂದು ತಿಳಿಯಿರಿ.