ಹೊರಗಿಂದ ಕ್ಯಾಮೆರಾ ನೋಡಲು ತೆರೆಯುವ ಬಾಗಿಲು

ಮನೆಗೆ ಸಿಸಿ ಕ್ಯಾಮೆರಾ ಹಾಕಿಸಿದವರೆಲ್ಲ ಕೇಳುವ ಮೊದಲ ಪ್ರಶ್ನೆ, "ಮೊಬೈಲಲ್ಲಿ ಕಾಣುತ್ತಾ?" ಕಾಣಿಸಲು ಇರುವ ಹಳೆಯ ದಾರಿ ಪೋರ್ಟ್ ಫಾರ್ವರ್ಡಿಂಗ್. ಮನೆಯೊಳಗೆ ಡಿವಿಆರ್‌ನ ವಿಳಾಸ 192.168.1.64 ಎಂದುಕೊಳ್ಳಿ. ಹೊರಗಿಂದ 8000ನೇ ಪೋರ್ಟಿಗೆ ಬಂದದ್ದನ್ನೆಲ್ಲ ಅದಕ್ಕೇ ಕಳಿಸು ಎಂದು ರೂಟರ್‌ಗೆ ಹೇಳಿದರೆ ಕೆಲಸ ಮುಗಿಯಿತು. ಈ ಪದ್ಧತಿಯನ್ನು ಇನ್ನು ಕೈಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ರೂಟರ್ ಆ ಬಾಗಿಲನ್ನು ಮನೆಯವರಿಗಷ್ಟೇ ತೆರೆಯುವುದಿಲ್ಲ, ಇಡೀ ಇಂಟರ್ನೆಟ್‌ಗೆ ತೆರೆಯುತ್ತದೆ. ನಮ್ಮ ಮನೆಯ ವಿಳಾಸ ಯಾರಿಗೆ ಗೊತ್ತು ಎಂಬ ಸಮಾಧಾನಕ್ಕೂ ಆಧಾರವಿಲ್ಲ. ಐಪಿವಿ4 ವಿಳಾಸಗಳೆಲ್ಲ ಸೇರಿ ಸುಮಾರು 429 ಕೋಟಿ. ಒಂದು ಪೋರ್ಟಿಗಾಗಿ ಅವನ್ನೆಲ್ಲ ತಟ್ಟಿ ನೋಡಲು ಒಳ್ಳೆಯ ಸಂಪರ್ಕವಿರುವ ಒಂದೇ ಕಂಪ್ಯೂಟರಿಗೆ ಒಂದು ಗಂಟೆಯೂ ಬೇಡವೆಂದು ಝಡ್‌ಮ್ಯಾಪ್ ಎಂಬ ಸಾಧನ 2013ರಲ್ಲೇ ತೋರಿಸಿತು. 8000ದ ಬದಲು ಬೇರೆ ಸಂಖ್ಯೆ ಹಾಕಿದರೆ ಪತ್ತೆ ಸ್ವಲ್ಪ ತಡವಾದೀತು, ಅಷ್ಟೇ.

ಗಟ್ಟಿ ಪಾಸ್‌ವರ್ಡ್ ಇದ್ದರೆ ಸಾಲದೇ? ಸಾಲದು. 2016ರ ಮಿರಾಯ್ ದಾಳಿ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿಯಿತು, ನಿಜ. ಆದರೆ 2021ರಲ್ಲಿ ಹಿಕ್‌ವಿಷನ್ ಸಾಧನಗಳಲ್ಲಿ ಬಯಲಾದ CVE-2021-36260 ದೋಷಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ಹೊರಗಿನವರು ಸಾಧನಕ್ಕೆ ನೇರವಾಗಿ ಆಜ್ಞೆ ಕೊಡಬಹುದಿತ್ತು. ಕಂಪನಿ ತಿದ್ದುಪಡಿ ಬಿಡುಗಡೆ ಮಾಡಿತು, ಆದರೆ ಅಟ್ಟದ ಮೇಲೆ ಕುಳಿತ ಡಿವಿಆರ್‌ಗೆ ಅದನ್ನು ಹಾಕುವವರು ಯಾರು? ಒಮ್ಮೆ ಅದು ಕೈತಪ್ಪಿದರೆ ಹೋಗುವುದು ಕ್ಯಾಮೆರಾದ ಚಿತ್ರವೊಂದೇ ಅಲ್ಲ. ಅದೇ ಜಾಲದಲ್ಲಿರುವ ಲ್ಯಾಪ್‌ಟಾಪ್, ಪ್ರಿಂಟರ್‌ಗಳತ್ತಲೂ ಅಲ್ಲಿಂದ ದಾರಿಯಿದೆ.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸುವ ಪಿ2ಪಿ ಆ್ಯಪ್‌ಗಳು ಇದಕ್ಕಿಂತ ವಾಸಿ. ಅಲ್ಲಿ ಡಿವಿಆರ್ ತಾನೇ ಹೊರಗೆ ಸಂಪರ್ಕ ಮಾಡುವುದರಿಂದ ಪೋರ್ಟ್ ತೆರೆಯಬೇಕಿಲ್ಲ. ಆದರೆ ನಂಬಿಕೆಯನ್ನೆಲ್ಲ ಕಂಪನಿಯ ಸರ್ವರ್ ಮೇಲೆ ಇಡಬೇಕಾಗುತ್ತದೆ.

ನಾನು ಒಪ್ಪುವುದು ವಿಪಿಎನ್ ಅನ್ನು. ವೈರ್‌ಗಾರ್ಡ್ ಇರುವ ರೂಟರ್‌ನಲ್ಲಿ ಅದಕ್ಕೊಂದು ಪೋರ್ಟ್ ತೆರೆದಿರುತ್ತದೆ, ಆದರೆ ಸರಿಯಾದ ಕೀಲಿಯಿಲ್ಲದೆ ತಟ್ಟಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಹುಡುಕುವವರಿಗೆ ಅಲ್ಲಿ ಏನೋ ಇದೆಯೆಂಬ ಸುಳಿವೂ ಸಿಗದು. ಫೋನಿನ ಸಂರಚನೆಯಲ್ಲಿ ಹೀಗೆ ಬರೆದರೆ ಡಿವಿಆರ್‌ಗೆ ಹೋಗುವ ಸಂಚಾರ ಮಾತ್ರ ಆ ಸುರಂಗ ಹಿಡಿಯುತ್ತದೆ:

```
AllowedIPs = 192.168.1.64/32
```

ಒಂದು ಮಿತಿಯಿದೆ. ರೂಟರ್‌ನ ವ್ಯಾನ್ ವಿಳಾಸ 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ, ಹೊರಗಿನಿಂದ ನೇರವಾಗಿ ತಲುಪಲಾಗದು. ಆಗ ಟೇಲ್‌ಸ್ಕೇಲ್‌ನಂಥ ಸೇವೆ ಬೇಕು. ಪೋರ್ಟ್ ತೆರೆಯಲೆಂದೇ ಸ್ಟ್ಯಾಟಿಕ್ ಐಪಿ ಕೊಳ್ಳಬೇಡಿ.

ಇಂದೇ ಒಂದು ಪರೀಕ್ಷೆ ಮಾಡಿ. ಫೋನಿನ ವೈಫೈ ಮತ್ತು ವಿಪಿಎನ್ ಆರಿಸಿ, ಮೊಬೈಲ್ ಡೇಟಾದಲ್ಲಿ ನಿಮ್ಮ ಮನೆಯ ಹೊರವಿಳಾಸವನ್ನು ಬ್ರೌಸರಿನಲ್ಲಿ ತೆರೆಯಿರಿ. ಡಿವಿಆರ್‌ನ ಲಾಗಿನ್ ಪುಟ ಬಂದರೆ ಅದು ಎಲ್ಲರಿಗೂ ಕಾಣುತ್ತಿದೆ. ಬಾರದಿದ್ದರೂ ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್ ಪುಟ ನೋಡಿ, ಅಲ್ಲಿರುವ ನಿಯಮಗಳನ್ನು ಅಳಿಸಿ, ಸಾಧನಗಳು ತಾವಾಗಿಯೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನೂ ಆರಿಸಿಬಿಡಿ.